ಬಂಗಾಳಿ ಸಹೋದ್ಯೋಗಿಗೆ ‘ಶುಭೊ ಬಿಜೊಯಾ’: ಯಾವಾಗ ಹೇಳಬೇಕು, ಹೇಳಿದರೆ ಏನು ಉತ್ತರ ಕೊಡಬೇಕು

ನವರಾತ್ರಿ ಬಂತೆಂದರೆ ನಮ್ಮ ಆಫೀಸಿನಲ್ಲಿ ಬಂಗಾಳಿಗಳು ಕೂರುವ ಸಾಲು ಖಾಲಿಯಾಗುತ್ತದೆ. ಅರ್ಧ ಜನ ಕೋಲ್ಕತ್ತಾ ರೈಲು, ವಿಮಾನ ಹಿಡಿದಿರುತ್ತಾರೆ. ರಜೆ ಸಿಗದವರು ಸಂಜೆ ಐದಾದರೆ ಸಾಕು, ಬೆಂಗಳೂರಿನದೇ ಯಾವುದಾದರೂ ಪೂಜಾ ಪೆಂಡಾಲಿಗೆ ಹೊರಡುತ್ತಾರೆ. ಅವರಿಗೊಂದು ಶುಭಾಶಯ ಹೇಳೋಣ ಅಂತ ನಮಗೂ ಅನಿಸುತ್ತದೆ. ಅವರ ಭಾಷೆಯಲ್ಲೇ ಹೇಳಿದರೆ ಇನ್ನೂ ಚೆನ್ನ, ಅಲ್ವಾ?

ಕೆಲವು ವರ್ಷಗಳ ಹಿಂದೆ ನಾನೂ ಹಾಗೇ ಅಂದುಕೊಂಡೆ. ಅಷ್ಟಮಿಯ ಬೆಳಗ್ಗೆ ತಂಡದ ವಾಟ್ಸಾಪ್ ಗುಂಪಿನಲ್ಲಿ ‘ಶುಭೊ ಬಿಜೊಯಾ’ ಎಂದು ಬರೆದೆ. ಎಲ್ಲೋ ಕೇಳಿದ್ದ ಮಾತು, ಹಬ್ಬದ ಶುಭಾಶಯ ಅಂತ ಗೊತ್ತಿತ್ತು, ಅಷ್ಟೇ. ಸ್ವಲ್ಪ ಹೊತ್ತು ಯಾರೂ ಏನೂ ಬರೆಯಲಿಲ್ಲ. ಆಮೇಲೆ ವಯಸ್ಸಿನಲ್ಲಿ ಹಿರಿಯರಾದ ಒಬ್ಬ ದೀದಿ ಫೋನ್ ಮಾಡಿದರು. ‘ನೀವು ಪ್ರೀತಿಯಿಂದ ಹೇಳಿದ್ದು ನನಗೆ ಗೊತ್ತು. ಆದರೆ ಅಮ್ಮ ಇನ್ನೂ ಮನೆಯಲ್ಲೇ ಇದ್ದಾಳೆ. ಅವಳು ಹೊರಟ ಮೇಲೆ ಹೇಳುವ ಮಾತು ಅದು’ ಎಂದರು. ದನಿಯಲ್ಲಿ ಸಿಟ್ಟಿರಲಿಲ್ಲ. ಆದರೂ ನನಗೆ ಬಹಳ ನೋವಾಯಿತು. ಹಬ್ಬದ ನಡುಮಧ್ಯೆ ನಾನು ಅವರ ದೇವಿಯನ್ನು ಕಳಿಸಿಕೊಟ್ಟುಬಿಟ್ಟಿದ್ದೆ.

ಆ ತಪ್ಪು ನಿಮ್ಮಿಂದ ಆಗದಿರಲಿ ಅಂತ ಇದನ್ನು ಬರೆಯುತ್ತಿದ್ದೇನೆ. ಕಲಿಯಬೇಕಾದ ಮಾತುಗಳು ನಾಲ್ಕೈದೇ. ಎಲ್ಲ ಇರುವುದು ಯಾವ ಮಾತನ್ನು ಯಾವ ದಿನ ಹೇಳಬೇಕು ಎಂಬುದರಲ್ಲಿ.

ಮೊದಲು ಕತೆ ಗೊತ್ತಿರಲಿ

ಬಂಗಾಳದಲ್ಲಿ ದುರ್ಗೆ ಮಹಿಷನನ್ನು ಕೊಂದ ದೇವಿ ಹೌದು, ಮನೆಮಗಳೂ ಹೌದು. ಗಂಡನ ಮನೆ ಕೈಲಾಸ. ವರ್ಷಕ್ಕೊಮ್ಮೆ ಶರತ್ಕಾಲದಲ್ಲಿ ಮಕ್ಕಳನ್ನು ಕರೆದುಕೊಂಡು ತವರಿಗೆ ಬರುತ್ತಾಳೆ. ಪೆಂಡಾಲಿನ ಮೂರ್ತಿಯನ್ನು ಗಮನಿಸಿ ನೋಡಿ, ಅಕ್ಕಪಕ್ಕದಲ್ಲಿ ಲಕ್ಷ್ಮಿ, ಸರಸ್ವತಿ, ಗಣೇಶ, ಕಾರ್ತಿಕ ನಾಲ್ವರೂ ಇರುತ್ತಾರೆ. ಷಷ್ಠಿಯ ದಿನ ಬಂದವಳು ದಶಮಿಗೆ ಹೊರಡುತ್ತಾಳೆ. ಗೌರಿಯನ್ನು ತವರಿಗೆ ಕರೆದು, ಬಾಗಿನ ಕೊಟ್ಟು ಕಳಿಸುವ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಹಾಗಾಗಿ ದಶಮಿಯ ಬೆಳಗು ಬಂಗಾಳಿಗಳಿಗೆ ಸಂಭ್ರಮದ ಹೊತ್ತಲ್ಲ. ಪುರೋಹಿತರು ನೀರು ತುಂಬಿದ ಪಾತ್ರೆಯಲ್ಲಿ ಕನ್ನಡಿ ಇಟ್ಟು ವಿಸರ್ಜನೆಯ ವಿಧಿ ಮುಗಿಸುತ್ತಾರೆ. ಜನ ಬಗ್ಗಿ ಆ ನೀರಿನಲ್ಲಿ ದೇವಿಯ ಪಾದದ ಬಿಂಬ ನೋಡುತ್ತಾರೆ. ಮಧ್ಯಾಹ್ನ ಮುತ್ತೈದೆಯರು ತಟ್ಟೆ ಹಿಡಿದು ಸಾಲಾಗಿ ಬರುತ್ತಾರೆ. ಎರಡೂ ಕೈಯಲ್ಲಿ ವೀಳ್ಯದೆಲೆ ಹಿಡಿದು, ಅಮ್ಮನ ಕೆನ್ನೆ ಒರೆಸುತ್ತಾರೆ. ಅಳುತ್ತಿರುವ ಮಗಳ ಕಣ್ಣೊರೆಸಿದ ಹಾಗೆಯೇ ಇರುತ್ತದೆ ಅದು. ತುಟಿಗೆ ಒಂದು ಚೂರು ಸಂದೇಶ್ ಎಂಬ ಸಿಹಿ ತಾಗಿಸುತ್ತಾರೆ, ಹಣೆಗೆ ಸಿಂಧೂರ ಇಡುತ್ತಾರೆ. ಕಿವಿಯ ಹತ್ತಿರ ಬಾಗಿ, ಮುಂದಿನ ವರ್ಷ ಮತ್ತೆ ಬಾ ತಾಯಿ ಅಂತ ಹೇಳುತ್ತಾರೆ. ಇದಕ್ಕೆ ‘ಬೊರೊನ್’ ಎನ್ನುತ್ತಾರೆ. ಇದಾದ ಮೇಲೆ ಹೆಂಗಸರು ಒಬ್ಬರಿಗೊಬ್ಬರು ಸಿಂಧೂರ ಹಚ್ಚುವ ಆಟ, ಆಮೇಲೆ ಮೆರವಣಿಗೆ, ಆಮೇಲೆ ನೀರು.

ಮೂರ್ತಿ ನೀರಿಗೆ ಇಳಿದು, ಜನ ಖಾಲಿ ಪೆಂಡಾಲಿಗೆ ಮರಳಿ, ತಲೆ ಮೇಲೆ ಶಾಂತಿಜಲ ಚಿಮುಕಿಸಿಕೊಂಡ ಮೇಲೆ ಮೊದಲ ‘ಶುಭೊ ಬಿಜೊಯಾ’ ಬಾಯಿಂದ ಬರುತ್ತದೆ. ಹಿರಿಯರ ಕಾಲಿಗೆ ಬೀಳುತ್ತಾರೆ, ಸಮವಯಸ್ಕರು ತಬ್ಬಿಕೊಳ್ಳುತ್ತಾರೆ, ಬಾಯಿ ಸಿಹಿ ಮಾಡುತ್ತಾರೆ. ಮಗಳನ್ನು ಕಳಿಸಿದ ಮನೆಯಲ್ಲಿ ಉಳಿದವರು ಒಬ್ಬರಿಗೊಬ್ಬರು ಆಗುವ ಹೊತ್ತು ಅದು. ನಾನು ಅಷ್ಟಮಿಗೆ ಹೇಳಿದ್ದು ಯಾಕೆ ತಪ್ಪಾಯಿತು ಅಂತ ಈಗ ನಿಮಗೆ ತಿಳಿದಿರಬೇಕು.

ದಶಮಿಗೆ ಮುಂಚೆ ಏನು ಹೇಳಬೇಕು

ಮಹಾಲಯದ ಮಾರನೆಯ ದಿನದಿಂದ ನವಮಿಯವರೆಗೆ ಯಾವತ್ತು ಬೇಕಾದರೂ ಹೇಳಬಹುದಾದ ಮಾತು ಒಂದಿದೆ: ‘ಶಾರೊದಿಯಾರ್ ಶುಭೇಚ್ಛಾ’. ಶಾರದೀಯ ಶುಭೇಚ್ಛೆ, ಅಂದರೆ ಶರತ್ಕಾಲದ ಹಬ್ಬದ ಶುಭಾಶಯ. ಇನ್ನೂ ಸರಳವಾಗಿ ‘ಪೂಜೊರ್ ಶುಭೇಚ್ಛಾ’ ಅನ್ನಬಹುದು. ಬಂಗಾಳಿಗಳು ಮಾತಿನಲ್ಲಿ ಪೂಜೆಗೆ ಪೂಜೊ ಎನ್ನುತ್ತಾರೆ.

ಷಷ್ಠಿಯಿಂದ ಆಯಾ ದಿನದ ಹೆಸರು ಹಿಡಿದೂ ಹೇಳುತ್ತಾರೆ. ಶುಭೊ ಶೊಶ್ಠಿ, ಶುಭೊ ಶೊಪ್ತೊಮಿ, ಶುಭೊ ಒಶ್ಟೊಮಿ, ಶುಭೊ ನೊಬೊಮಿ. ಅಷ್ಟಮಿ ಇವುಗಳಲ್ಲಿ ದೊಡ್ಡದು. ಬೆಳಗ್ಗೆ ಉಪವಾಸವಿದ್ದು, ಹೊಸ ಬಟ್ಟೆ ಉಟ್ಟು, ಕೈಯಲ್ಲಿ ಹೂ ಹಿಡಿದು ಅಂಜಲಿ ಕೊಡುವ ದಿನ. ಒಂದೇ ದಿನ ಹೇಳುತ್ತೇನೆ ಎನ್ನುವವರು ಅಷ್ಟಮಿ ಆರಿಸಿಕೊಳ್ಳಿ. ಉತ್ತರ ಕೊಡುವುದು ಸುಲಭ. ‘ಶುಭೊ ಒಶ್ಟೊಮಿ’ ಎಂದವರಿಗೆ ‘ಶುಭೊ ಒಶ್ಟೊಮಿ’ ಎಂದೇ ಹೇಳಬೇಕು.

ದಶಮಿಯ ದಿನ ಹಗಲು ಮಾತ್ರ ಸುಮ್ನೆ ಇರುವುದು ಒಳ್ಳೆಯದು ಅನ್ನುವುದು ನನ್ನ ಅಭಿಪ್ರಾಯ. ‘ಶುಭೊ ದೊಶೊಮಿ’ ಎಂದು ಬರೆಯುವವರು ಈಗ ಇದ್ದಾರೆ. ಆದರೆ ಹಳಬರಿಗೆ ಅದು ಹಿಡಿಸುವುದಿಲ್ಲ. ನಮಗೆ ಅದೇ ದಿನ ವಿಜಯದಶಮಿ, ಜಂಬೂಸವಾರಿ. ಬೆಳಗ್ಗೆ ಎದ್ದ ತಕ್ಷಣ ಎಲ್ಲರಿಗೂ ಶುಭಾಶಯ ಕಳಿಸುವ ಅಭ್ಯಾಸ ನಮ್ಮದು. ಆ ಪಟ್ಟಿಯಿಂದ ಬಂಗಾಳಿ ಗೆಳೆಯರನ್ನು ಸಂಜೆಯವರೆಗೆ ಪಕ್ಕಕ್ಕೆ ಇಡಿ.

ಬಾಯಲ್ಲಿ ಹೇಗೆ ಹೊರಡಬೇಕು

ಮಾತುಗಳೆಲ್ಲ ನಮಗೆ ಗೊತ್ತಿರುವವೇ. ‘ಶುಭ’ ಮತ್ತು ‘ವಿಜಯಾ’. ಬಂಗಾಳಿಯಲ್ಲಿ ವಕಾರ ಬಕಾರವಾಗುತ್ತದೆ, ಅಕಾರ ತುಂಬಾ ಕಡೆ ಒಕಾರದ ಹಾಗೆ ಕೇಳುತ್ತದೆ. ಹಾಗಾಗಿ ವಿಜಯಾ ಹೋಗಿ ಬಿಜೊಯಾ. ಸಪ್ತಮಿಯ ಸಕಾರವೂ ಅವರ ಬಾಯಲ್ಲಿ ಶಕಾರವೇ. ಇಷ್ಟು ನೆನಪಿಟ್ಟರೆ ಮಿಕ್ಕ ಹೆಸರುಗಳನ್ನು ನೀವೇ ಕಟ್ಟಿಕೊಳ್ಳಬಹುದು. ‘ಶುಭೊ’ದಲ್ಲಿ ಮಹಾಪ್ರಾಣ ಬಿಡಬೇಡಿ. ಕೊನೆಯ ಒಕಾರ ನಮ್ಮ ‘ಒಂದು’ವಿನಲ್ಲಿರುವ ಹಾಗೆ ಗಿಡ್ಡ, ‘ಶುಭೋ’ ಎಂದು ಎಳೆಯಬಾರದು.

ಫೋನಿನಲ್ಲಿ ಬರೆಯುವಾಗ ಬಂಗಾಳಿಗಳೇ ಹೆಚ್ಚಾಗಿ Shubho Bijoya ಅಂತಲೋ Subho Bijoya ಅಂತಲೋ ಬರೆಯುತ್ತಾರೆ. ಎರಡೂ ನಡೆಯುತ್ತದೆ.

ಯಾರಿಗೆ ಯಾವ ಮಾತು

ನಮ್ಮಲ್ಲಿ ನೀನು, ನೀವು ಇದ್ದ ಹಾಗೆ ಅವರಲ್ಲಿ ಮೂರಿವೆ: ಆಪ್ನಿ, ತುಮಿ, ತುಯಿ. ಆಪ್ನಿ ಅಂದರೆ ಮರ್ಯಾದೆಯ ನೀವು. ತುಮಿ ಸಲಿಗೆಯ ನೀನು. ತುಯಿ ತೀರಾ ಹತ್ತಿರದವರಿಗೆ. ಆಫೀಸಿನಲ್ಲಿ ನೀವು ಆಪ್ನಿಯಿಂದ ಶುರುಮಾಡಿ, ಮುಂದಿನದನ್ನು ಅವರಿಗೇ ಬಿಡಿ. ತುಯಿ ಬಳಸುವ ಸಂದರ್ಭ ನಿಮಗೆ ಬರುವುದೇ ಕಡಮೆ.

ವಯಸ್ಸಿನಲ್ಲಿ ದೊಡ್ಡವರಾದ ಸಹೋದ್ಯೋಗಿಯನ್ನು ಹೆಸರಿನ ಹಿಂದೆ ‘ದಾ’ ಅಥವಾ ‘ದಿ’ ಸೇರಿಸಿ ಕರೆಯುತ್ತಾರೆ. ಹೆಸರು ಸುಬ್ರತೊ ಆದರೆ ಸುಬ್ರತೊದಾ, ಮಿತಾಲಿ ಆದರೆ ಮಿತಾಲಿದಿ. ಅಣ್ಣ, ಅಕ್ಕ ಅಂದ ಹಾಗೆ. ‘ಶುಭೊ ಬಿಜೊಯಾ, ಸುಬ್ರತೊದಾ’ ಎಂದು ಹೇಳಿ ನೋಡಿ, ಅವರ ಮುಖವೇ ಬದಲಾಗುತ್ತದೆ.

ಎದುರಿಗೆ ಸಿಕ್ಕಾಗ ‘ಶುಭೊ ಬಿಜೊಯಾ’ ಒಂದೇ ಸಾಕು. ಉತ್ತರವೂ ಅದೇ. ಸ್ವಲ್ಪ ಜಾಸ್ತಿ ಹೇಳಬೇಕೆಂದರೆ ‘ಆಪ್ನಾಕೇಓ ಶುಭೊ ಬಿಜೊಯಾ’, ನಿಮಗೂ ಶುಭ ವಿಜಯ. ಸಲಿಗೆ ಇರುವವರಿಗೆ ‘ತೋಮಾಕೇಓ’.

ಬರೆದು ಕಳಿಸುವಾಗ ವಯಸ್ಸು ನೋಡಿ ಮಾತು ಬದಲಾಗುತ್ತದೆ. ಮುಂಚೆ ಬಂಗಾಳಿ ಮನೆಗಳಲ್ಲಿ ದಶಮಿ ಕಳೆದ ಮೇಲೆ ದೂರದ ನೆಂಟರಿಗೆಲ್ಲ ಕಾಗದ ಬರೆಯುವ ರೂಢಿ ಇತ್ತು. ಮಕ್ಕಳನ್ನು ಕೂರಿಸಿ, ಪೋಸ್ಟ್‌ಕಾರ್ಡಿನ ಮೂಲೆಯಲ್ಲಿ ಒಂದೊಂದು ಸಾಲು ಬರೆಸುತ್ತಿದ್ದರು. ಆ ಸಾಲುಗಳು ಈಗ ಫೋನಿಗೆ ಬಂದಿವೆ. ದೊಡ್ಡವರಿಗೆ: ‘ಬಿಜೊಯಾರ್ ಪ್ರೊನಾಮ್ ನೇಬೇನ್’, ವಿಜಯೆಯ ಪ್ರಣಾಮ ಸ್ವೀಕರಿಸಿ. ಓರಗೆಯವರಿಗೆ: ‘ಬಿಜೊಯಾರ್ ಪ್ರೀತಿ ಓ ಶುಭೇಚ್ಛಾ’, ವಿಜಯೆಯ ಪ್ರೀತಿ ಮತ್ತು ಶುಭೇಚ್ಛೆ. ಈ ಎರಡನ್ನು ಅದಲುಬದಲು ಮಾಡಬೇಡಿ. ನಿಮಗಿಂತ ಚಿಕ್ಕವರಿಗೆ ಪ್ರಣಾಮ ಕಳಿಸಿದರೆ ಅವರಿಗೆ ಮುಜುಗರವಾಗುತ್ತದೆ. ಹಾಗೆಯೇ ಚಿಕ್ಕವರು ಪ್ರಣಾಮ ಎಂದು ನಿಮಗೆ ಬರೆದರೆ, ತಿರುಗಿ ಪ್ರಣಾಮ ಹೇಳುವುದಲ್ಲ. ‘ಭಾಲೊ ಥೇಕೊ’ ಎನ್ನಬೇಕು. ಚೆನ್ನಾಗಿರು ಎಂದರ್ಥ.

ಕೈ, ಕಾಲು, ತಬ್ಬುಗೆ

ಗಂಡಸರು ಒಬ್ಬರನ್ನೊಬ್ಬರು ತಬ್ಬುವುದಕ್ಕೆ ‘ಕೋಲಾಕುಲಿ’ ಎನ್ನುತ್ತಾರೆ. ಒಂದು ಸಲ ತಬ್ಬಿ ಬಿಡುವುದಲ್ಲ. ಒಂದು ಭುಜದ ಕಡೆ, ಆಮೇಲೆ ಇನ್ನೊಂದು, ಮತ್ತೆ ಮೊದಲಿನದು, ಹೀಗೆ ಮೂರು ಸಲ. ಒಂದೇ ಸಲಕ್ಕೆ ನೀವು ಹಿಂದೆ ಸರಿದರೆ ಅವರ ತಲೆ ಎರಡನೆಯ ಭುಜಕ್ಕೆ ಬಂದಿರುತ್ತದೆ! ಅವರು ಶುರುಮಾಡಿದರೆ ಮೂರೂ ಮುಗಿಯುವ ತನಕ ನಿಲ್ಲಿ. ನೀವಾಗಿ ಶುರುಮಾಡುವ ಅಗತ್ಯವಿಲ್ಲ. ಗಂಡಸು ಹೆಂಗಸರ ನಡುವೆ ಕೈಮುಗಿದರೆ ಚೆನ್ನಾಗಿರುತ್ತದೆ.

ವಯಸ್ಸಾದವರ, ಅಥವಾ ಮನೆಯವರ ಹಾಗೆ ಹತ್ತಿರವಿರುವ ಹಿರಿಯರ ಕಾಲು ಮುಟ್ಟಬೇಕು ಅನಿಸಿದರೆ ಮುಟ್ಟಿ. ಆಗ ಅವರು ‘ಥಾಕ್, ಥಾಕ್’ ಎನ್ನುತ್ತಾರೆ. ಇರಲಿ, ಇರಲಿ ಎಂದು ಅರ್ಥ. ಇದನ್ನು ಕೇಳಿ ಅರ್ಧಕ್ಕೇ ನಿಲ್ಲಿಸಬೇಡಿ. ಬಾಯಲ್ಲಿ ಬೇಡ ಎನ್ನುತ್ತಲೇ ಕೈ ನಿಮ್ಮ ತಲೆ ಮೇಲೆ ಬಂದಿರುತ್ತದೆ. ‘ಶುಖೆ ಥಾಕೊ’, ಸುಖವಾಗಿರು, ಎಂದೋ ‘ಭಾಲೊ ಥೇಕೊ’ ಎಂದೋ ಆಶೀರ್ವಾದ ಬರುತ್ತದೆ. ಅದಕ್ಕೆ ಉತ್ತರ ಹೇಳಬೇಕಾಗಿಲ್ಲ. ತಲೆ ಬಾಗಿಸಿ ತೆಗೆದುಕೊಂಡರೆ ಆಯಿತು.

ನಮ್ಮ ಉತ್ತರ ಕರ್ನಾಟಕದವರಿಗೆ ಇದೆಲ್ಲ ಹೊಸದೇನೂ ಅಲ್ಲ. ಅದೇ ಸಂಜೆ ಅಲ್ಲಿ ಬನ್ನಿ ಎಲೆ ಕೊಟ್ಟು, ‘ಬಂಗಾರದಂಗ ಇರೂಣು’ ಎಂದು ಹಿರಿಯರ ಕಾಲು ಮುಟ್ಟುತ್ತಾರೆ. ನೀವು ಆ ಕಡೆಯವರಾದರೆ ಮಾರನೆಯ ದಿನ ಆಫೀಸಿಗೆ ನಾಲ್ಕು ಬನ್ನಿ ಎಲೆ ತನ್ನಿ. ‘ಶುಭೊ ಬಿಜೊಯಾ’ ಎಂದು ಅವರ ಕೈಗೆ ಇಡಿ, ನಿಮ್ಮ ಮಾತನ್ನೂ ಹೇಳಿಕೊಡಿ.

ಡಬ್ಬಿ ಬಂದರೆ

ಬಿಜೊಯಾದಲ್ಲಿ ಬಾಯಿ ಸಿಹಿ ಮಾಡದೆ ಕಳಿಸುವ ಹಾಗಿಲ್ಲ. ಇದಕ್ಕೆ ‘ಮಿಷ್ಟಿಮುಖ್’ ಎಂದೇ ಹೆಸರು. ಅಂಗಡಿಯ ರಸಗುಲ್ಲ, ಸಂದೇಶ್ ಬರಬಹುದು. ಆದರೆ ಮನೆಯಲ್ಲಿ ಮಾಡಿದ್ದು ಬಂದರೆ ಅದಕ್ಕೆ ಬೇರೆಯದೇ ಬೆಲೆ. ‘ನಾರ್ಕೋಲ್ ನಾಡು’ ಅಂದರೆ ತೆಂಗಿನತುರಿಯ ಉಂಡೆ, ಬೆಲ್ಲದ್ದು ಕಂದು, ಸಕ್ಕರೆಯದು ಬಿಳಿ. ‘ನಿಮ್ಕಿ’ ಅಂದರೆ ಕಪ್ಪು ಜೀರಿಗೆ ಹಾಕಿ ಕರಿದ ಮೈದಾದ ಖಾರ ಬಿಲ್ಲೆ, ಶಂಕರಪೋಳಿಯ ಉಪ್ಪಿನ ತಂಗಿ ಅಂದುಕೊಳ್ಳಿ. ‘ಘುಗ್ನಿ’ ಅಂದರೆ ಒಣ ಬಟಾಣಿಯ ಪಲ್ಯ.

ಸಸ್ಯಾಹಾರಿಗಳು ಘುಗ್ನಿ ಒಂದನ್ನು ಮಾತ್ರ ಕೇಳಿ ತಿನ್ನಿ. ಕೆಲವರು ಅದಕ್ಕೆ ಮಾಂಸದ ಖೀಮಾ ಹಾಕುತ್ತಾರೆ. ನವರಾತ್ರಿಯಲ್ಲೂ ಮಾಂಸವಾ ಅಂತ ಹುಬ್ಬೇರಿಸಬೇಡಿ. ಅಲ್ಲಿ ಹಬ್ಬದ ಊಟದಲ್ಲಿ ಮೀನು, ಮಟನ್ ಇರುತ್ತದೆ. ಎಷ್ಟೋ ಮನೆಗಳಲ್ಲಿ ಅಷ್ಟಮಿ ಒಂದು ದಿನ ಸಸ್ಯಾಹಾರ. ‘ಇದರಲ್ಲಿ ಖೀಮಾ ಇದೆಯಾ?’ ಎಂದು ನೇರವಾಗಿ ಕೇಳಿದರೆ ಯಾರೂ ತಪ್ಪು ತಿಳಿಯುವುದಿಲ್ಲ. ಸಕ್ಕರೆ ಕಾಯಿಲೆ ಇದ್ದರೆ ಒಂದು ನಿಮ್ಕಿ ತೆಗೆದುಕೊಳ್ಳಿ. ಏನೂ ಬೇಡ ಎನ್ನುವುದು ಮಾತ್ರ ಬೇಡ.

2025ರಲ್ಲಿ ಹೇಗೆ ನಡೆಯಿತು

ದಿನದ ಲೆಕ್ಕ ಸ್ಪಷ್ಟವಾಗಲಿ ಅಂತ 2025ರ ಹಬ್ಬವನ್ನೇ ತೆಗೆದುಕೊಳ್ಳುತ್ತೇನೆ. ಆ ವರ್ಷ ಷಷ್ಠಿ ಸೆಪ್ಟೆಂಬರ್ 28, ಭಾನುವಾರ. ದೀದಿ ಅಷ್ಟರಲ್ಲಿ ಕೋಲ್ಕತ್ತಾಗೆ ಹೋಗಿಯಾಗಿತ್ತು. ಮಂಗಳವಾರ 30ಕ್ಕೆ ಅಷ್ಟಮಿ. ಬೆಳಗ್ಗೆ ನಾನು ‘ಶುಭೊ ಒಶ್ಟೊಮಿ, ದೀದಿ’ ಎಂದು ಕಳಿಸಿದೆ. ಅಂಜಲಿ ಮುಗಿಸಿ ಮಧ್ಯಾಹ್ನ ಉತ್ತರ ಬರೆದರು. ಬುಧವಾರ ನವಮಿ, ನಮಗೆ ಆಯುಧಪೂಜೆ. ಗುರುವಾರ ಅಕ್ಟೋಬರ್ 2ಕ್ಕೆ ದಶಮಿ.

ಗುರುವಾರ ನಾನಾಗಿ ಏನೂ ಕಳಿಸಲಿಲ್ಲ. ಕೋಲ್ಕತ್ತಾದಲ್ಲಿ ಎಲ್ಲ ಮೂರ್ತಿಗಳೂ ದಶಮಿಯಂದೇ ನೀರಿಗೆ ಹೋಗುವುದಿಲ್ಲ. ಕೆಲವು ಒಂದೆರಡು ದಿನ ತಡವಾಗುತ್ತವೆ. ದೊಡ್ಡ ಪೆಂಡಾಲುಗಳ ಮೂರ್ತಿಗಳು 2016ರಿಂದ ರೆಡ್ ರೋಡಿನಲ್ಲಿ ನಡೆಯುವ ಮೆರವಣಿಗೆಗೆ ಕಾಯುತ್ತವೆ. ತಮ್ಮ ಪೆಂಡಾಲಿನ ಅಮ್ಮ ಹೊರಡುವ ಮೊದಲು ಬಿಜೊಯಾ ಹೇಳದವರು ಇದ್ದಾರೆ. ಇದನ್ನು ದೂರದಿಂದ ತಿಳಿಯುವುದು ಕಷ್ಟ. ನಾನು ಮಾಡುವುದು ಇಷ್ಟೇ: ಅವರೇ ಹೇಳುವ ತನಕ ಕಾಯುತ್ತೇನೆ, ಇಲ್ಲವಾದರೆ ದಶಮಿಯ ಮಾರನೆಯ ದಿನ ನಾನೇ ಹೇಳುತ್ತೇನೆ. ಆ ಸಲ ಗುರುವಾರ ರಾತ್ರಿಯೇ ಅವರ ಸಂದೇಶ ಬಂತು. ‘ಬಿಜೊಯಾರ್ ಪ್ರೊನಾಮ್ ನೇಬೇನ್’ ಎಂದು ಬರೆದೆ.

ಸೋಮವಾರ, ಅಕ್ಟೋಬರ್ 6ಕ್ಕೆ ಅವರು ಆಫೀಸಿಗೆ ಬಂದರು. ಸಂದೇಶದಲ್ಲಿ ಹೇಳಿದ್ದರೂ ಎದುರಿಗೆ ಮತ್ತೆ ಹೇಳಬೇಕು. ನಮ್ಮ ಮಾತು ಹೀಗೆ ನಡೆಯಿತು:

‘ಶುಭೊ ಬಿಜೊಯಾ, ದೀದಿ.’

‘ಶುಭೊ ಬಿಜೊಯಾ! ಭಾಲೊ ಥೇಕೊ.’

‘ಪೂಜೊ ಕೇಮೊನ್ ಕಾಟ್ಲೊ?’ ಪೂಜೆ ಹೇಗೆ ಕಳೆಯಿತು ಅಂತ.

‘ಖೂಬ್ ಭಾಲೊ.’ ಬಹಳ ಚೆನ್ನಾಗಿ. ಹೇಳುತ್ತಲೇ ಚೀಲದಿಂದ ಸ್ಟೀಲ್ ಡಬ್ಬಿ ತೆಗೆದರು. ಮುಚ್ಚಳ ತೆರೆದರೆ ಬೆಲ್ಲದ ನಾಡು, ಬಾಯಿಗೆ ಹಾಕಿದರೆ ಏಲಕ್ಕಿಯ ಘಮ. ಅಮ್ಮನ ಮನೆಯಲ್ಲಿ ಕೂತು ಉಂಡೆ ಕಟ್ಟಿದ್ದಂತೆ.

ಆಮೇಲೆ ಅವರು ಅರ್ಧ ಮಾತು ಹೇಳಿ ನಿಲ್ಲಿಸಿದರು: ‘ಆಶ್ಛೆ ಬೊಛೊರ್...’

ಇದು ಮೆರವಣಿಗೆಯಲ್ಲಿ ಕೂಗುವ ಕೂಗು. ಒಬ್ಬರು ‘ಆಶ್ಛೆ ಬೊಛೊರ್’ ಎಂದು ಕೂಗಿದರೆ, ಉಳಿದವರೆಲ್ಲ ‘ಆಬಾರ್ ಹೊಬೆ’ ಎನ್ನಬೇಕು. ಬರುವ ವರ್ಷ ಮತ್ತೆ ಆಗುತ್ತದೆ ಎಂದರ್ಥ. ಯಾರಾದರೂ ಮೊದಲ ಅರ್ಧ ಹೇಳಿ ನಿಮ್ಮ ಮುಖ ನೋಡಿದರೆ, ಎರಡನೆಯ ಅರ್ಧ ನಿಮ್ಮದು. ‘ಆಬಾರ್ ಹೊಬೆ’ ಎಂದೆ. ಅವರ ಕಣ್ಣು ತುಂಬಿ ಬಂತು.

ಅವರೇ ಹೇಳಿದ ಇನ್ನೊಂದು ಸಂಗತಿ ಇದೆ. ಬಂಗಾಳಿಗಳು ಮನೆಯಿಂದ ಹೊರಡುವಾಗ ‘ಹೋಗ್ತೀನಿ’ ಎನ್ನುವುದಿಲ್ಲ, ‘ಆಶಿ’ ಎನ್ನುತ್ತಾರೆ. ಬರ್ತೀನಿ ಎಂದರ್ಥ. ನಮ್ಮ ಮನೆಗಳಲ್ಲೂ ಅಷ್ಟೇ ಅಲ್ವಾ, ‘ಹೋಗ್ತೀನಿ’ ಅಂದರೆ ಅಜ್ಜಿ ಬಾಗಿಲಲ್ಲೇ ತಡೆದು ‘ಹೋಗಿ ಬರ್ತೀನಿ ಅನ್ನು’ ಎನ್ನುತ್ತಿದ್ದಳು. ದುರ್ಗೆಗೂ ಅದೇ ಮಾತು.

ಇನ್ನೆರಡು ಎಚ್ಚರ

ಬಂಗಾಳಿ ಮಾತಾಡುವವರೆಲ್ಲ ಈ ಹಬ್ಬ ಮಾಡುತ್ತಾರೆ ಅಂತ ತಿಳಿಯಬೇಡಿ. ಬಂಗಾಳಿ ಮುಸ್ಲಿಮರಿದ್ದಾರೆ, ಕ್ರೈಸ್ತರಿದ್ದಾರೆ. ಅವರಲ್ಲಿ ಎಷ್ಟೋ ಜನ ಗೆಳೆಯರಿಗೆ ತಾವೇ ಶುಭಾಶಯ ಹೇಳುತ್ತಾರೆ. ಆದರೂ ಗೊತ್ತಿಲ್ಲದಿದ್ದರೆ ‘ಹಬ್ಬಕ್ಕೆ ಊರಿಗೆ ಹೋಗ್ತೀರಾ?’ ಎಂದು ಮೊದಲು ಕೇಳಿಕೊಳ್ಳಿ. ತಪ್ಪು ದಿನ ತಪ್ಪು ಮಾತು ಹೇಳಿದ್ದೀರಾ ಎಂದು ತಿಳಿಯಲು ಅವರ ಉತ್ತರ ನೋಡಿ. ನೀವು ‘ಶುಭೊ ಬಿಜೊಯಾ’ ಎಂದಾಗ ಅವರು ‘ಶಾರೊದಿಯಾರ್ ಶುಭೇಚ್ಛಾ’ ಎಂದರೆ, ನಿಮ್ಮನ್ನು ನೋಯಿಸದೆ ತಿದ್ದುತ್ತಿದ್ದಾರೆ ಎಂದರ್ಥ. ಉದ್ದ ಕ್ಷಮೆ ಬೇಡ. ಅದೇ ಮಾತನ್ನು ತಿರುಗಿ ಹೇಳಿ, ಬಿಜೊಯಾವನ್ನು ದಶಮಿ ಕಳೆದ ಮೇಲೆ ಮತ್ತೆ ಹೇಳಿ.

ತಡವಾಯಿತು ಅಂತಲೂ ಗಾಬರಿಯಾಗಬೇಡಿ. ದಶಮಿಯಿಂದ ಕಾಳಿ ಪೂಜೆಯವರೆಗೆ, ಅಂದರೆ ದೀಪಾವಳಿಯ ಅಮಾವಾಸ್ಯೆಯವರೆಗೆ ಬಿಜೊಯಾ ಹೇಳುವ ರೂಢಿ ಇದೆ. 2025ರಲ್ಲಿ ಅದು ಅಕ್ಟೋಬರ್ 20ಕ್ಕೆ ಬಂತು. ಎರಡು ವಾರಕ್ಕಿಂತ ಜಾಸ್ತಿ ಸಮಯ. ದೀದಿಯ ಡಬ್ಬಿ ಅಲ್ಲಿಯವರೆಗೂ ನನ್ನ ಹತ್ತಿರವೇ ಇತ್ತು. ಖಾಲಿ ಡಬ್ಬಿ ಕೊಡಬಾರದಲ್ಲ. ಕಾಳಿ ಪೂಜೆಯ ಹೊತ್ತಿಗೆ ಮನೆಯಲ್ಲಿ ಮಾಡಿದ ರವೆ ಉಂಡೆ ತುಂಬಿ, ‘ಶುಭೊ ದೀಪಾಬೊಲಿ’ ಎಂದು ಅವರ ಮೇಜಿನ ಮೇಲೆ ಇಟ್ಟೆ.